ಉಂಗುರ ಯಾರ ಕೈಯಲ್ಲಿರಬೇಕಿತ್ತು?

'ಶಾಕುಂತಲ'ವನ್ನು ನಾನು ಮೊದಲು ಓದಿದ್ದು ಪರೀಕ್ಷೆಗಾಗಿ. ಎರಡನೆಯ ಸಲ ಓದಿದ್ದು ನನ್ನ ತಮ್ಮನ ತೋಟದ ಮೋಟಾರಿನ ದೆಸೆಯಿಂದ. ತಿಪಟೂರಿಗೂ ತುರುವೇಕೆರೆಗೂ ನಡುವೆ ಇರುವ ಆ ತೋಟದಲ್ಲಿ ತೆಂಗಿನ ಮರಗಳಿಗೆ ನೀರು ಬಿಡುವ ಕೆಲಸವನ್ನು ಅವನು ಮರೆಯದಂತೆ ಮಾಡುವುದು ಹೇಗೆಂದು ಒಂದು ಬೇಸಿಗೆಯೆಲ್ಲ ತಲೆ ಕೆಡಿಸಿಕೊಂಡವನಿಗೆ, ಕಾಳಿದಾಸನ ನಾಟಕ ಮರೆವಿನ ಕಥೆ ಅನ್ನಿಸಲಿಲ್ಲ. ನೆನಪಿಸುವ ಏರ್ಪಾಟೊಂದು ಕೆಟ್ಟುಹೋದ ಕಥೆ ಅನ್ನಿಸಿತು.

ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಎರಡನ್ನೂ ತಂದವನು ಕಾಳಿದಾಸ. ದೊರೆಯ ಚಾರಿತ್ರ್ಯಕ್ಕೆ ಕಳಂಕ ಬಾರದಿರಲೆಂದು ತಂದ ಎಂದು ನಮ್ಮ ಮೇಷ್ಟರುಗಳು ಹೇಳುತ್ತಿದ್ದರು, ಅದು ನಿಜವೇ. ಆದರೆ ಆರನೆಯ ಅಂಕದಲ್ಲಿ ದುಷ್ಯಂತ ತನ್ನ ಗೆಳೆಯ ವಿದೂಷಕನಿಗೆ ಹೇಳುವ ಮಾತನ್ನು ಗಮನಿಸಿ. ಹೊರಡುವಾಗ ಅವನು ಉಂಗುರ ತೊಡಿಸಿ, ಇದರಲ್ಲಿ ಕೊರೆದ ನನ್ನ ಹೆಸರಿನ ಅಕ್ಷರಗಳನ್ನು ದಿನಕ್ಕೊಂದರಂತೆ ಎಣಿಸು, ಅಕ್ಷರ ಮುಗಿಯುವಷ್ಟರಲ್ಲಿ ನಿನ್ನನ್ನು ಕರೆದೊಯ್ಯಲು ಜನ ಬರುತ್ತಾರೆ ಎಂದಿದ್ದನಂತೆ. ಎಂಥ ಸೊಗಸಾದ ಗುರುತು! ದಿನವೂ ಕಣ್ಣಿಗೆ ಬೀಳುತ್ತದೆ, ದಿನದ ಲೆಕ್ಕ ಇಡುತ್ತದೆ, ಗಡುವನ್ನೂ ಹೇಳುತ್ತದೆ. ದೋಷ ಒಂದೇ: ಅದು ಮರೆಯದವಳ ಬೆರಳಲ್ಲಿದೆ. ಮಾಡಬೇಕಾದ ಕೆಲಸ ಹಸ್ತಿನಾಪುರದಲ್ಲಿ, ನೆನಪಿಸುವ ವಸ್ತು ಕಣ್ವಾಶ್ರಮದಲ್ಲಿ. ದಿನಕ್ಕೊಂದು ಅಕ್ಷರ ಎಣಿಸಬೇಕಾಗಿದ್ದವನು ಅರಸ.

ನನ್ನ ತಮ್ಮನಿಗೆ ಶಾಪ ಕೊಟ್ಟವರು ಯಾರೂ ಇಲ್ಲ. ನಲವತ್ತು ದಾಟಿದ ಮೇಲೆ ಬೆಂಗಳೂರಿನ ವೈದ್ಯರೊಬ್ಬರು ಅವನಿಗೆ ಇರುವುದು ಎ.ಡಿ.ಎಚ್.ಡಿ., ಗಮನವನ್ನು ಹಿಡಿದಿಡುವ ತೊಂದರೆ, ಅದು ಚಿಕ್ಕಂದಿನಿಂದಲೂ ಇತ್ತು ಎಂದರು. ಅಲ್ಲಿಯವರೆಗೆ ನಾವು ಅದಕ್ಕೆ ಇಟ್ಟಿದ್ದ ಹೆಸರು ಸೋಮಾರಿತನ. ಕೊಬ್ಬರಿ ಅಟ್ಟದಲ್ಲಿ ಕಾಯಿ ಅಲ್ಲಾಡಿಸಿ, ಒಳಗಿನ ಗಿಟುಕು ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವ ಮನುಷ್ಯ ಅವನು. ಕೈಯಲ್ಲಿರುವ ಕೆಲಸದಲ್ಲಿ ಮುಳುಗಿದರೆ ಊಟ ಮರೆಯುತ್ತಾನೆ. ಕಣ್ಣೆದುರಿಗಿಲ್ಲದ ಕೆಲಸ ಅವನ ಪಾಲಿಗೆ ಲೋಕದಲ್ಲೇ ಇಲ್ಲ. ಗಂಟೆಗಳು ಅವನಿಗೆ ಎರಡೇ: 'ಈಗ' ಮತ್ತು 'ಆಮೇಲೆ'.

ಕೆಲಸ ಇಷ್ಟು. ತೋಟ ನಾಲ್ಕು ಭಾಗವಾಗಿದೆ, ಒಂದೊಂದಕ್ಕೂ ಒಂದು ಗೇಟ್‌ವಾಲ್ವು. ನಾಲ್ಕೂ ಪಂಪ್ ಮನೆಯ ಹಿಂದೆ ಒಂದೇ ಸಾಲಿನಲ್ಲಿವೆ. ಕೊಳವೆಬಾವಿಯ ನೀರು ಒಂದು ಸಲಕ್ಕೆ ಒಂದು ಭಾಗಕ್ಕೆ ಮಾತ್ರ ಸಾಲುತ್ತದೆ. ಭಾಗಕ್ಕೆ ಒಂದೂವರೆ ಗಂಟೆಯಂತೆ ಆರು ಗಂಟೆ ಬೇಕು, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಸಿಗುವುದು ದಿನಕ್ಕೆ ಏಳು ಗಂಟೆ. ಅಂದರೆ ಒಂದು ಸರದಿಯಲ್ಲಿ ಮೂರು ಸಲ ವಾಲ್ವು ತಿರುಗಿಸಬೇಕು. ತಿರುಗಿಸುವುದರಲ್ಲೂ ಒಂದು ಕ್ರಮವಿದೆ. ಮುಂದಿನದನ್ನು ತೆರೆದು ಆಮೇಲೆ ಹಿಂದಿನದನ್ನು ಮುಚ್ಚಬೇಕು. ಮೊದಲು ಮುಚ್ಚಿ, ತೆರೆಯುವಷ್ಟರಲ್ಲಿ ಯಾರೋ ಕರೆದರೆಂದು ಹೋದರೆ ನೀರಿಗೆ ದಾರಿಯಿಲ್ಲದೆ ಪೈಪು ಸಿಡಿಯುತ್ತದೆ. ಒಮ್ಮೆ ಸಿಡಿದೂ ಇತ್ತು. ಸಾಮಾನ್ಯವಾಗಿ ಆಗುತ್ತಿದ್ದದ್ದು ಬೇರೆ: ಎರಡನೆಯ ಭಾಗ ಕೆರೆಯಾಗಿ, ಮೂರು ಮತ್ತು ನಾಲ್ಕರ ಮರಗಳು ಒಣಗಿ ಕಿರಿಕಾಯಿ ಉದುರಿಸುತ್ತಿದ್ದವು. ಬಾವಿಯಲ್ಲಿ ನೀರು ಇಳಿದದ್ದನ್ನು ನೋಡದೆ ಒಂದು ಸಲ ಮೋಟಾರೂ ಸುಟ್ಟಿತು.

ನಾನು ಮಾಡಿದ ಮೊದಲ ಏರ್ಪಾಟು ಎಲ್ಲರೂ ಮಾಡುವಂಥದೇ, ಅವನ ಫೋನಿನಲ್ಲಿ ಮೂರು ಅಲಾರಾಂ. ಅದು ಎರಡು ವಾರ ನಡೆಯಿತು. ಆ ಮೇಲೆ ಅಲಾರಾಂ ಹೊಡೆಯುತ್ತಿತ್ತು, ನೀರು ಮಾತ್ರ ಎರಡನೆಯ ಭಾಗದಲ್ಲೇ ನಿಲ್ಲುತ್ತಿತ್ತು. "ಅಣ್ಣಾ, ಹೊಡೆದದ್ದು ನಿಜ ಕಣಣ್ಣ. ಆರಿಸ್ದೋನೂ ನಾನೇ ಇರಬೇಕು. ಯಾವಾಗ ಆರಿಸ್ದೆ ಅನ್ನೋದೇ ಗೊತ್ತಿಲ್ಲ" ಎಂದ. ಅವನು ಸುಳ್ಳು ಹೇಳುತ್ತಿಲ್ಲ ಎಂದು ನಂಬಲು ನನಗೆ ಸ್ವಲ್ಪ ದಿನ ಬೇಕಾಯಿತು. ಒಂದು ನೋಟ್‌ಬುಕ್ಕಿನಲ್ಲಿ ತಪ್ಪುಗಳನ್ನು ಬರೆದಿಟ್ಟೆವು. 14 ದಿನಗಳಲ್ಲಿ 11 ಸಲ ತಪ್ಪಿತ್ತು. ಅದರಲ್ಲಿ ಸದ್ದು ಕೇಳಿಸದೆ ಹೋದದ್ದು 2 ಸಲ ಮಾತ್ರ. 6 ಸಲ ಕೇಳಿಸಿತ್ತು, 'ಇದೊಂದು ಮುಗಿಸಿ ಹೋಗ್ತೀನಿ' ಎಂದು ಆರಿಸಿದ್ದ. ಉಳಿದ 3 ಸಲ ಹೊರಟೂ ಇದ್ದ. ದಾರಿಯಲ್ಲಿ ಬಿದ್ದ ಗರಿ ಎಳೆದು ಹಾಕುತ್ತ ಅಲ್ಲೇ ನಿಂತಿದ್ದ.

ನಾನು ಹಾಕಿದ್ದ ಮದ್ದು ಕೇಳಿಸದ ಆ 2 ಸಲಕ್ಕೆ ಮಾತ್ರ ಸರಿಯಾದದ್ದು. ಸದ್ದನ್ನು ಎಷ್ಟು ಜೋರು ಮಾಡಿದ್ದರೂ ಮಿಕ್ಕ 9 ಹಾಗೇ ಉಳಿಯುತ್ತಿದ್ದವು. ಅಲಾರಾಮಿನ ಮೂಲದೋಷ ಇರುವುದು ಇಲ್ಲಿ. ಅದು ಕೇಳಿದ್ದಕ್ಕೆ ಸುಮ್ಮನಾಗುತ್ತದೆ, ಮಾಡಿದ್ದಕ್ಕಲ್ಲ. ಜೇಬಿನಲ್ಲೇ ಇರುವುದರಿಂದ ಅದನ್ನು ಸುಮ್ಮನಿರಿಸಲು ಒಂದು ಹೆಜ್ಜೆಯನ್ನೂ ಇಡಬೇಕಿಲ್ಲ. ಮೇಲಾಗಿ ಅದು ಗಡಿಯಾರವನ್ನು ನಂಬಿದೆ. ಪಾಳಿಯಲ್ಲಿ ಬರುವ ನಮ್ಮ ಕರೆಂಟು ಗಡಿಯಾರವನ್ನು ನಂಬುವುದಿಲ್ಲ. ಈ ವಾರ ಬೆಳಗಿನ ಪಾಳಿಯಾದರೆ ಮುಂದಿನ ವಾರ ರಾತ್ರಿಯದು. ಕರೆಂಟಿಲ್ಲದ ಹೊತ್ತಿನಲ್ಲಿ ನಾಲ್ಕು ಸಲ ಹೊಡೆದ ಅಲಾರಾಮನ್ನು ಐದನೆಯ ಸಲ ಯಾವ ಕಿವಿ ಕೇಳೀತು?

ಇಂಗ್ಲೆಂಡಿನಲ್ಲಿ ಬಾರ್ಬರಾ ವಿಲ್ಸನ್ ಮತ್ತು ಜೊತೆಗಾರರು ಪೇಜರ್ ಮೂಲಕ ನೆನಪಿಸುವ ಪ್ರಯೋಗವೊಂದನ್ನು 143 ಮಂದಿಯ ಮೇಲೆ ಮಾಡಿ 2001ರಲ್ಲಿ ಪ್ರಕಟಿಸಿದರು. ಪ್ರಯೋಗ ಪೂರೈಸಿದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನ ತಮ್ಮ ನಿತ್ಯದ ಕೆಲಸಗಳನ್ನು ಮೊದಲಿಗಿಂತ ಚೆನ್ನಾಗಿ ಮಾಡಿದರು. ಇದನ್ನು ತೋರಿಸಿ, ಸದ್ದಿನಿಂದ ಉಪಯೋಗವಿಲ್ಲ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಅವರಲ್ಲಿ ಹೆಚ್ಚಿನವರು ಮಿದುಳಿಗೆ ಹಾನಿಯಾಗಿ ನೆನಪಿನಂಥ ತೊಂದರೆಗಳಿಗೆ ಒಳಗಾದವರು. ಅಂಥವರಿಗೆ ವಿಷಯ ತಿಳಿಸಿದರೆ ಅರ್ಧ ಕೆಲಸವಾದಂತೆ. ನನ್ನ ತಮ್ಮನಿಗೆ ವಿಷಯ ಗೊತ್ತೇ ಇದೆ. ಇರುವ ಕೆಲಸದಿಂದ ಎದ್ದು ಇನ್ನೊಂದಕ್ಕೆ ಹೋಗುವುದೇ ಅವನಿಗೆ ಕಷ್ಟ.

ಎರಡನೆಯ ಏರ್ಪಾಟಿನಲ್ಲಿ ಗಡಿಯಾರವನ್ನು ಬಿಟ್ಟು ಕರೆಂಟನ್ನೇ ಹಿಡಿದೆವು. ಮೂರೂ ಫೇಸ್ ಬಂದಾಗ ಮಾತ್ರ ಉರಿಯುವಂತೆ ಒಂದು ಕೆಂಪು ಬಲ್ಬನ್ನು ಎಲೆಕ್ಟ್ರಿಷಿಯನ್ ಪ್ಯಾನಲ್ಲಿನಿಂದ ತಂತಿ ಎಳೆದು ತೋಟದ ಮನೆಯ ಜಗಲಿ ಕಂಬಕ್ಕೆ ಹಾಕಿಕೊಟ್ಟ. ಅದು ಸದ್ದಿಲ್ಲದ ಮೊದಲ ಗುರುತು. ಎರಡನೆಯ ಗುರುತು ಬೈಕಿನ ಕೀಲಿ. ಒಂದು ವಾಲ್ವು ತೆರೆದೊಡನೆ ಕೀಲಿಯನ್ನು ಮುಂದೆ ತೆರೆಯಬೇಕಾದ ವಾಲ್ವಿನ ಹಿಡಿಗೆ ನೇತುಹಾಕಬೇಕು. ತುರುವೇಕೆರೆಗೆ ಹೋಗಬೇಕೆಂದರೂ ಆ ವಾಲ್ವಿನ ಮುಂದೆ ನಿಂತೇ ಹೋಗಬೇಕು. ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದ ನಮ್ಮಜ್ಜಿಯ ಉಪಾಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದು. ಗಂಟು ಏನನ್ನೋ ಮರೆತಿದ್ದೀ ಎನ್ನುತ್ತದೆ, ಯಾವುದನ್ನು ಎಂದು ಹೇಳುವುದಿಲ್ಲ. ಕೀಲಿ ಮೂರನೆಯ ವಾಲ್ವು ಎಂದೇ ಹೇಳುತ್ತದೆ.

ಮೋಟಾರು ಹೊರಟ ಹೊತ್ತಿನಿಂದ ಒಂದೂವರೆ ಗಂಟೆಗೊಮ್ಮೆ ಪಂಪ್ ಮನೆಯ ಸಣ್ಣ ಗಂಟೆ ಬಾರಿಸುವಂತೆ ಟೈಮರ್ ಇಟ್ಟೆವು. ಹತ್ತು ನಿಮಿಷದೊಳಗೆ ಯಾರೂ ಬಾರದಿದ್ದರೆ ದೊಡ್ಡದು, ಬೇರೆಯೇ ದನಿಯದು, ಶಾಲೆಯ ಗಂಟೆಯಂಥದು. ನಿಲ್ಲಿಸುವ ಸ್ವಿಚ್ಚು ವಾಲ್ವುಗಳ ಪಕ್ಕದಲ್ಲಿ. ಇನ್ನೂ ಹತ್ತು ನಿಮಿಷವಾದರೆ ಮನುಷ್ಯರ ಸರದಿ. ಅದಕ್ಕೂ ಜಗ್ಗದಿದ್ದರೆ ಮೋಟಾರೇ ನಿಲ್ಲುತ್ತದೆ. ನೀರಿಲ್ಲದೆ ಓಡಿದರೂ ನಿಲ್ಲುವ ಸಾಧನವೊಂದನ್ನು ಬೇರೆಯಾಗಿ ಹಾಕಿಸಿದೆವು. ಅದನ್ನು ನೆನಪಿಗೆ ಬಿಟ್ಟಿದ್ದೇ ಮೊದಲಿನ ತಪ್ಪು.

ಮನುಷ್ಯರ ಸರದಿಯ ಬಗ್ಗೆ ಸ್ವಲ್ಪ ಹೇಳಬೇಕು. ಕಿಷ್ಕಿಂಧೆಯಲ್ಲಿ ಮಳೆಗಾಲ ಕಳೆದರೂ ಸುಗ್ರೀವನಿಗೆ ಕೊಟ್ಟ ಮಾತಿನ ನೆನಪಿಲ್ಲ. ಶರತ್ಕಾಲದ ತಿಳಿ ಆಕಾಶವೇ ಮೊದಲ ಗುರುತು, ಅವನು ನೋಡಲಿಲ್ಲ. ಹನುಮಂತ ಮೆಲ್ಲಗೆ ಹೇಳಿದಾಗ ಸೇನೆ ಸೇರಲಿ ಎಂದು ಅಪ್ಪಣೆಯನ್ನೇನೋ ಕೊಟ್ಟ, ಮತ್ತೆ ಅಂತಃಪುರಕ್ಕೆ ಹೋದ. ಅಲಾರಾಂ ಆರಿಸಿ ಮಲಗಿದ ಹಾಗೆ. ಕೊನೆಗೆ ಲಕ್ಷ್ಮಣನ ಬಿಲ್ಲಿನ ಟಂಕಾರವೇ ಬೇಕಾಯಿತು. ಕೆಲಸವಾಯಿತು ನಿಜ, ಆದರೆ ತಾರೆ ನಡುವೆ ಬಂದು ಸಮಾಧಾನದ ಮಾತಾಡದಿದ್ದರೆ ಸ್ನೇಹ ಉಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿಯೇ ಲಕ್ಷ್ಮಣನಾಗಿದ್ದಳು. "ಭಾವಾ, ಬೆಳಿಗ್ಗೆಯಿಂದ ಸಂಜೆವರೆಗೂ ನಾನು ಗಂಟೆ ಹೊಡಿಯೋ ಕೆಲಸಕ್ಕೇ ಇದೀನಾ?" ಎಂದು ಅವಳು ಕೇಳಿದ ದಿನ ನನಗೆ ಉತ್ತರ ಹೊಳೆಯಲಿಲ್ಲ. ಅವಳು ಚಿಕ್ಕನಾಯಕನಹಳ್ಳಿಯ ತೌರಿಗೆ ಹೋಗಿ ತಿಂಗಳು ಕಳೆದು ಬಂದದ್ದೂ ಉಂಟು. ಈಗಿನ ಒಪ್ಪಂದ ಹೀಗಿದೆ: ದೊಡ್ಡ ಗಂಟೆ ಹತ್ತು ನಿಮಿಷ ಹೊಡೆದರೆ ಮಾತ್ರ ಅವಳು ಬರುತ್ತಾಳೆ, "ಮೂರನೇದು" ಎಂದು ಒಂದೇ ಮಾತು ಹೇಳುತ್ತಾಳೆ. "ಮತ್ತೆ ಮರೆತ್ರಾ" ಎನ್ನುವಂತಿಲ್ಲ. ಆ ಮಾತು ಬಂದರೆ ಅವನ ಗಮನವೆಲ್ಲ ಜಗಳಕ್ಕೆ ಹೋಗುತ್ತದೆ, ವಾಲ್ವು ಅಲ್ಲೇ ಇರುತ್ತದೆ.

ಏರ್ಪಾಟು ಕೆಡಲಿಲ್ಲ ಎಂದಲ್ಲ. ಮೂರನೆಯ ವಾರ ಅವನು ಓಡಿಹೋಗಿ ಸ್ವಿಚ್ಚು ಒತ್ತಿ, ವಾಲ್ವು ತಿರುಗಿಸದೆ ವಾಪಸು ಬಂದ. ಗಂಟೆ ನಿಲ್ಲಿಸುವುದೇ ಕೆಲಸವಾಗಿಬಿಟ್ಟಿತ್ತು. ಪರಿಣಾಮ ನೋಡಿದ ಮೇಲೆ ಸ್ವಿಚ್ಚನ್ನು ಸಾಲಿನ ಕೊನೆಗೆ, ನಾಲ್ಕನೆಯ ವಾಲ್ವಿನ ಆಚೆಗೆ ಕೀಳಿಸಿ ಹಾಕಿಸಿದೆವು. ಈಗ ವಾಲ್ವುಗಳನ್ನು, ನೇತಾಡುವ ಕೀಲಿಯನ್ನು ದಾಟದೆ ಅಲ್ಲಿಗೆ ಹೋಗಲಾಗದು. ಬಲ್ಬಿನದು ಬೇರೆ ಕಥೆ. ಅದು ಏಳು ಗಂಟೆ ಹೊತ್ತೂ ಉರಿಯುತ್ತಿದ್ದರಿಂದ ತಿಂಗಳೊಳಗೆ ಕಂಬದ ಒಂದು ಭಾಗವೇ ಆಗಿಹೋಯಿತು. ಮೋಟಾರು ಹಾಕಿದೊಡನೆ ಆರುವಂತೆ ಮಾಡಿದ ಮೇಲೆ ಮತ್ತೆ ಕಣ್ಣಿಗೆ ಬೀಳತೊಡಗಿತು. ಕೆಲಸ ಬಾಕಿ ಇರುವಾಗ ಮಾತ್ರ ಕಾಣುವುದೇ ಗುರುತು, ಯಾವಾಗಲೂ ಕಾಣುವುದು ಗೋಡೆ. ಇದನ್ನು ಕಂಡ ಉತ್ಸಾಹದಲ್ಲಿ ನಾನು ಮಾತ್ರೆಗೆ, ದನದ ಮೇವಿಗೆ, ಬ್ಯಾಂಕಿನ ಕಂತಿಗೆ ಒಂದೊಂದು ಚೀಟಿ ಅಂಟಿಸಿದೆ. ಒಂದನ್ನೂ ಅವನು ನೋಡಲಿಲ್ಲ, ಮೂರೇ ದಿನಕ್ಕೆ ಕಿತ್ತು ಹಾಕಿದೆ.

ಮತ್ತೆ ಕಾಳಿದಾಸನಿಗೆ ಬರುತ್ತೇನೆ. ಶಾಪದ ಸಂಗತಿಯನ್ನು ಸಖಿಯರಿಬ್ಬರೂ ಶಕುಂತಲೆಗೆ ತಿಳಿಸುವುದಿಲ್ಲ, ಅವಳ ಮನಸ್ಸು ಮೃದು ಎಂದು. ಅರಸ ಗುರುತಿಸಲು ತಡಮಾಡಿದರೆ ಉಂಗುರ ತೋರಿಸು ಎಂದಷ್ಟೇ ಹೇಳಿ ಕಳಿಸುತ್ತಾರೆ. ಅದು ಹೋದರೆ ಎಲ್ಲವೂ ಹೋಯಿತು ಎಂದು ತಿಳಿಯದವಳು ಶಚೀತೀರ್ಥದಲ್ಲಿ ಅದನ್ನು ನೀರಿಗೆ ಬಿಟ್ಟರೆ ಅವಳದೇನು ತಪ್ಪು? ಉಂಗುರವಲ್ಲದೆ ಎರಡನೆಯ ಗುರುತಿರಲಿಲ್ಲ, ಮೂರನೆಯದಂತೂ ಇರಲೇ ಇಲ್ಲ. ಮೀನು ಬಲೆಗೆ ಬಿದ್ದದ್ದು ಕವಿಯ ಕರುಣೆ. ನಾವು ಕೂಡ ನಲವತ್ತು ವರ್ಷ ಈ ಸಖಿಯರ ಹಾಗೇ ನಡೆದುಕೊಂಡೆವು. ಅವನಿಗೆ ಬೈಗುಳ ಕೊಟ್ಟೆವು, ಗಡಿಯಾರ ಕೊಟ್ಟೆವು, ಕಾರಣವನ್ನು ಮಾತ್ರ ಯಾರೂ ಹೇಳಲಿಲ್ಲ, ನಮಗೂ ತಿಳಿದಿರಲಿಲ್ಲ.

ಕಳೆದ ವಾರ ತಮ್ಮ ಫೋನು ಮಾಡಿದ್ದ. ದೊಡ್ಡ ಗಂಟೆಯ ದನಿ ಕಿವಿಗೆ ಹಳತಾಗುತ್ತಿದೆಯಂತೆ, ಬೇರೆ ದನಿಯದು ಹುಡುಕಬೇಕಂತೆ. "ನಿನ್ನೆ ಅವಳು ಎರಡು ಸಲ ಬಂದಳು ಅಣ್ಣ. 'ಮೂರನೇದು' ಅಂದಳು ಅಷ್ಟೇ, ಆದರೆ ಎರಡನೇ ಸಲ ದನಿ ಬೇರೆ ಇತ್ತು" ಎಂದ.