ಚಿತ್ರದ ಅಡಿಬರಹದಲ್ಲಿ ಶ್ಲೇಷೆ: ಪುತ್ತೂರು ಸೀಮೆಯ ಕೆಲವು ನಿದರ್ಶನಗಳು

ಒಂದು ಶಬ್ದದಿಂದ ಎರಡು ಅರ್ಥ ಹೊರಡುವುದನ್ನು ನಮ್ಮ ಆಲಂಕಾರಿಕರು ಶ್ಲೇಷೆಯೆಂದು ಕರೆದು, ಪದವನ್ನು ಒಡೆಯದೆ ದೊರೆಯುವ ಅಭಂಗ, ಒಡೆದಾಗ ದೊರೆಯುವ ಸಭಂಗ ಎಂದು ವಿಭಾಗಿಸಿದರು. ಕವಿಗೆ ಇದು ಉದ್ದಿಷ್ಟ. ಇಂದು ಜಾಲತಾಣಗಳಲ್ಲಿ ಚಿತ್ರದೊಡನೆ ಪ್ರಕಟವಾಗುವ ಅಡಿಬರಹಗಳಲ್ಲಾದರೋ ಶ್ಲೇಷೆಯು ಬರೆದವನ ಇಚ್ಛೆಯಿಲ್ಲದೆಯೂ ಬಂದು ಕೂಡುತ್ತದೆ. ಅರ್ಥವನ್ನು ನಿಯಮಿಸುವ ಸಹಪದಗಳು ಆ ಕಿರುವಾಕ್ಯದಲ್ಲಿ ಬಿಟ್ಟುಹೋಗುವುದೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ.

ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದ ಕೆರೆಯಲ್ಲಿ ಮುತ್ತು ಬೆಳೆಯಿತೆಂಬ ಐತಿಹ್ಯವಿದೆ. ಆದ್ದರಿಂದ ಬಹುಮಾನ ಪಡೆದ ವಿದ್ಯಾರ್ಥಿನಿಯ ಚಿತ್ರಕ್ಕೆ 'ಪುತ್ತೂರು ಕೊಟ್ಟ ಮುತ್ತು' ಎಂದು ಬರೆಯಲು ಯಾರಿಗಾದರೂ ತೋಚಬಹುದು. ಆದರೆ ಮುತ್ತು ಎಂಬುದಕ್ಕೆ ಚುಂಬನವೆಂಬ ಅರ್ಥವೂ ಉಂಟು. 'ಬೆಳೆ' ಎಂಬ ಧಾತುವು ಮೌಕ್ತಿಕವನ್ನು ಆರಿಸಿದರೆ 'ಕೊಡು' ಎಂಬುದು ಚುಂಬನವನ್ನು ಎಳೆದು ತರುತ್ತದೆ. ನಗೆಗೆ ಈಡಾಗುವವಳು ಬರೆದವನಲ್ಲ, ಚಿತ್ರದಲ್ಲಿರುವ ಹುಡುಗಿ. 'ಪುತ್ತೂರಿನಲ್ಲಿ ಬೆಳೆದ ಮುತ್ತು' ಎಂದರೆ ಚಮತ್ಕಾರ ಉಳಿಯುತ್ತದೆ, ಅಪಾರ್ಥ ತೊಲಗುತ್ತದೆ.

ಸಭಂಗಕ್ಕೆ 'ಸುಳ್ಯದ ದಾರಿಯಲ್ಲಿ ಕಾಡಿದೆ' ಎಂಬ ವಾಕ್ಯವನ್ನು ಪರಿಶೀಲಿಸೋಣ. 'ಕಾಡು ಇದೆ' ಎಂದು ಬಿಡಿಸಿದರೆ ಅರಣ್ಯ. ಒಡೆಯದೆ ಓದಿದರೆ 'ನಾನು ಪೀಡಿಸಿದೆ' ಎಂಬ ಭೂತಕಾಲದ ಕ್ರಿಯೆ. 'ಕಾಡಿ ಇದೆ' ಎಂದು ಕೊಂಡರೆ ಯಾವುದೋ ಒಂದು ಪೀಡಿಸಿದೆ. ಹಸುರು ಬೆಟ್ಟದ ಚಿತ್ರ ಜೊತೆಗಿದ್ದರೆ ಮೊದಲನೆಯ ಅರ್ಥವೇ ನಿಲ್ಲುತ್ತದೆ. ಬರೆದವನ ಮುಖವಷ್ಟೇ ಚಿತ್ರದಲ್ಲಿದ್ದರೆ ಎರಡನೆಯದು ಗೆಲ್ಲುತ್ತದೆ. ಸಂಧಿಯನ್ನು ಬಿಡಿಸಿ ಬರೆಯುವುದೇ ಇಲ್ಲಿ ಪರಿಹಾರ.

ಇನ್ನು ಈ ಪ್ರದೇಶಕ್ಕೆ ವಿಶಿಷ್ಟವಾದ ತೊಡಕು. ಪುತ್ತೂರು, ಸುಳ್ಯ, ಕಡಬಗಳ ಓದುಗರಲ್ಲಿ ಬಹುಮಂದಿ ಮನೆಯಲ್ಲಿ ತುಳುವನ್ನಾಡುವವರು. ಉಪಾಹಾರ ಗೃಹದ ಚಿತ್ರದ ಕೆಳಗೆ 'ಪೂರಿ' ಎಂಬುದು ದೀರ್ಘ ತಪ್ಪಿ 'ಬಿಸಿ ಪುರಿ' ಎಂದಾದರೆ, ಮೈಸೂರಿನವರಿಗೆ ಅದು ಮಂಡಕ್ಕಿ, ತುಳುವರಿಗೆ ಹುಳು. 'ಬಲೆ' ಎಂಬುದು ಕನ್ನಡದಲ್ಲಿ ಮೀನು ಹಿಡಿಯುವ ಸಾಧನ, ತುಳುವಿನಲ್ಲಿ 'ಬನ್ನಿ' ಎಂಬ ಆದರದ ಕರೆ. ಕಡಬದ ಸಂತೆಯ ಚಿತ್ರಕ್ಕೆ ಬಲ್ಲವನು ಅದನ್ನು ಹಾಕಿದರೆ ರಸ. ತುಳುವರಿಯದವನು ಓದಿದರೆ ವಂಚನೆಯ ಸೂಚನೆ.

ಆದಕಾರಣ ಪ್ರಕಟಿಸುವ ಮುನ್ನ ಮೂರು ಪರೀಕ್ಷೆಗಳು ಯುಕ್ತ. ಮೊದಲು ಸಂಧಿಗಳನ್ನೆಲ್ಲ ಒಡೆದು ಬರೆಯಬೇಕು. ಬಳಿಕ ಬಿಟ್ಟುಹೋದ ಕರ್ತೃ ಕ್ರಿಯೆಗಳನ್ನು ತುಂಬಿ, ಚಿತ್ರದಲ್ಲಿರುವ ವ್ಯಕ್ತಿಗೆ ಅವು ಹೇಗೆ ಅನ್ವಯಿಸುತ್ತವೆಂದು ನೋಡಬೇಕು. ಕಡೆಗೆ, ಉದ್ದೇಶವನ್ನು ತಿಳಿಸದೆಯೇ, ತುಳು ಮನೆಮಾತಿನವರೊಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಬರೆದವನ ಕಿವಿಗೆ ತನ್ನ ಉದ್ದಿಷ್ಟಾರ್ಥವೊಂದೇ ಕೇಳಿಸುವುದರಿಂದ ಈ ಕಡೆಯ ಪರೀಕ್ಷೆಯನ್ನು ಅವನು ತಾನೇ ಮಾಡಿಕೊಳ್ಳಲಾರನು. ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳಗಳೂ ಇಲ್ಲಿ ಬಳಕೆಯಲ್ಲಿರುವುದರಿಂದ ಒಬ್ಬ ಓದುಗನ ಒಪ್ಪಿಗೆಯೂ ಪೂರ್ಣ ಪ್ರಮಾಣವಲ್ಲ.