ಲಯನ್ಸ್, ನಮ್ಮ ಶಿವಮೊಗ್ಗ, ಪೇಪರ್ ಹುಲಿ

ಶಿವಮೊಗ್ಗದ ಹೆಸರು ಹೊತ್ತ ಕ್ರಿಕೆಟ್ ತಂಡಗಳಲ್ಲಿ ಹೆಚ್ಚು ಮೆರೆದ ಹೆಸರು ‘ಲಯನ್ಸ್’. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ 2017ರಲ್ಲಿ ‘ನಮ್ಮ ಶಿವಮೊಗ್ಗ’ ಇದ್ದ ಜಾಗಕ್ಕೆ 2018ರಲ್ಲಿ ‘ಶಿವಮೊಗ್ಗ ಲಯನ್ಸ್’ ಬಂತು. ಮಹಾರಾಜ ಟ್ರೋಫಿಯಲ್ಲಿ 2022ಕ್ಕೆ ‘ಸ್ಟ್ರೈಕರ್ಸ್’ ಎಂದಾಗಿ, ಮರುವರ್ಷ ಮತ್ತೆ ‘ಲಯನ್ಸ್’ ಆಯಿತು. ಬಡಾವಣೆಯ ಹುಡುಗರು ಟೆನಿಸ್ ಬಾಲ್ ಟೂರ್ನಿಗೆ ಹೆಸರು ಕೊಡುವಾಗ ಇದೇ ಅಚ್ಚಿಗೆ ಕೈ ಹಾಕುತ್ತಾರೆ: ಮೊದಲು ಊರು, ಅದರ ಬಾಲಕ್ಕೆ ಇಂಗ್ಲಿಷಿನ ಒಂದು ಪ್ರಾಣಿ. ಹುಬ್ಬಳ್ಳಿಯ ಟೈಗರ್ಸ್, ಬೆಳಗಾವಿಯ ಪ್ಯಾಂಥರ್ಸ್ ಎರಡನ್ನೂ ಅದಲುಬದಲು ಮಾಡಿದರೆ ಯಾವ ಊರಿಗೂ ಏನೂ ನಷ್ಟವಿಲ್ಲ. ಈ ಅಚ್ಚಿನ ದೋಷ ಅಲ್ಲೇ ಗೊತ್ತಾಗುತ್ತದೆ.

‘ಲಯನ್ಸ್’ ಪರ ವಾದಿಸುವವರು ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವನ್ನು ಮುಂದೆ ಮಾಡುತ್ತಾರೆ. ವಾದ ಪೂರ್ತಿ ಪೊಳ್ಳಲ್ಲ. ಮಲೆನಾಡಿನ ಕಾಡಿನಲ್ಲಿ ಇಲ್ಲದ ಸಿಂಹ ಅಲ್ಲಿ ನಿಜವಾಗಿ ಇದೆ. ಆದರೆ ಶಿವಮೊಗ್ಗದ ಮಗು ಕಂಡ ಸಿಂಹವೆಂದರೆ ಬೇಲಿಯ ಒಳಗೆ ಮಲಗಿದ್ದು, ಸಫಾರಿ ಬಸ್ಸಿನ ಕಿಟಕಿಯಿಂದ ‘ಏಳ್ತದಾ, ಏಳ್ತದಾ’ ಎಂದು ಕಾಯಿಸಿದ್ದು. ‘ತ್ಯಾವರೆಕೊಪ್ಪದ ಸಿಂಹಗಳು’ ಎಂದಿದ್ದರೆ ಆ ಸೋಮಾರಿ ಸಿಂಹದ ನಗೆಯೂ ಹೆಸರಿನೊಳಗೆ ಬರುತ್ತಿತ್ತು. ‘ಲಯನ್ಸ್’ ಅದನ್ನು ಬಿಟ್ಟು ಬರೀ ಗರ್ಜನೆಯನ್ನು ಇಟ್ಟುಕೊಂಡಿದೆ.

ಕಡೆಗಣಿಸಲ್ಪಟ್ಟದ್ದು ‘ನಮ್ಮ ಶಿವಮೊಗ್ಗ’. ಅದು ಹೆಸರೇ ಅಲ್ಲ, ಸಪ್ಪೆ, ಮೆಟ್ರೊ ಬೋರ್ಡಿನಂತಿದೆ ಎಂಬ ಟೀಕೆ ಸುಲಭ. ಹಾಗೆ ಹೇಳುವವರು ‘ನಮ್ಮ’ ಎಂಬ ಪದವನ್ನು ಬಾಯಲ್ಲಿಟ್ಟು ನೋಡಿಲ್ಲ. ತೆಲುಗಿನಲ್ಲಿ ‘ಮಾ’ ಎಂದರೆ ಕೇಳುವವನು ಹೊರಗೆ, ‘ಮನ’ ಎಂದರೆ ಅವನೂ ಒಳಗೆ. ತಮಿಳಿನಲ್ಲೂ ‘ಎಂಗಳ್’, ‘ನಮ್ಮ’ ಬೇರೆ ಬೇರೆ. ಇಂದಿನ ಕನ್ನಡಕ್ಕೆ ಆ ಗೆರೆ ಇಲ್ಲ. ‘ನಮ್ಮ’ ಎಂದ ಮೇಲೆ ಕೇಳುವವನನ್ನು ಹೊರಗಿಡುವ ಉಪಾಯ ಆ ಪದದಲ್ಲಿಲ್ಲ. ಇದರ ಫಲ ಮೈಕಿನಲ್ಲಿ ಕೇಳಿಸುತ್ತದೆ. ಮೈಸೂರಿನವನೊಬ್ಬ ಕಾಮೆಂಟರಿ ಕೊಡುತ್ತ ‘ನಮ್ಮ ಶಿವಮೊಗ್ಗಕ್ಕೆ ಹನ್ನೆರಡು ರನ್ ಬೇಕು’ ಎನ್ನಲೇಬೇಕು. ಎದುರಾಳಿ ಗೆದ್ದು ಕುಣಿಯುವಾಗಲೂ ‘ನಮ್ಮ ಶಿವಮೊಗ್ಗ ಸೋತಿತು’ ಎಂದು ಒಂದು ಕ್ಷಣ ನೆಂಟನಾಗುತ್ತಾನೆ. ಬೈಯಲು ಹೊರಟವನ ಬಾಯಲ್ಲೂ ‘ನಮ್ಮ’ ನುಸುಳುತ್ತದೆ. ಹಲ್ಲು ತೋರಿಸದೆ ಎದುರಾಳಿಯ ವ್ಯಾಕರಣವನ್ನೇ ಹಿಡಿದುಕೊಳ್ಳುವ ಈ ಬಲ ಯಾವ ಪ್ರಾಣಿಗೂ ಇಲ್ಲ. ‘ಶಿಮೊಗ’ ಅಧಿಕೃತವಾಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಂದು. ಆ ಹೊಸತನದಲ್ಲಿ ಊರಿನ ಪೂರ್ತಿ ಹೆಸರನ್ನು ಉಚ್ಚರಿಸುವುದಕ್ಕೇ ಒಂದು ಠೀವಿ ಇತ್ತು.

ಬಡಾವಣೆಯ ಮಟ್ಟಕ್ಕೆ ಹೆಸರಿನ ಈ ಚರ್ಚೆಯನ್ನು ಇಳಿಸಲು ಭದ್ರಾವತಿ ಒಳ್ಳೆಯ ಜಾಗ. ಊರಿನ ಹಳೆಯ ಹೆಸರು ಬೆಂಕಿಪುರ. ಕಬ್ಬಿಣದ ಕುಲುಮೆ 1923ರಲ್ಲಿ ಉರಿಯುವುದಕ್ಕೆ ಮೊದಲೇ ಇದ್ದ ಹೆಸರು ಇದು. ಈಗ ‘ಬೆಂಕಿ’ ಎಂದರೆ ಹುಡುಗರ ಬಾಯಲ್ಲಿ ಅದ್ಭುತ ಎಂದೂ ಅರ್ಥ. ಆದರೂ ಒಂದು ಬೀದಿಯ ತಂಡ ‘ಬೆಂಕಿಪುರ’ ಎಂದು ಬರೆಸಿಕೊಂಡರೆ ಹಳೇನಗರ, ಜನ್ನಾಪುರ, ನ್ಯೂಟೌನ್ ಎಲ್ಲದರಿಂದಲೂ ‘ಇಡೀ ಊರು ನಿಮ್ಮದಾ?’ ಎಂಬ ಪ್ರಶ್ನೆ ಬರುತ್ತದೆ. ಊರಿನ ಹೆಸರಿಗೆ ಹಕ್ಕುದಾರರು ಬಹಳ.

ಅದೇ ಭದ್ರಾವತಿಯ ಪೇಪರ್ ಟೌನ್‌ಗೆ ಆ ತಕರಾರಿಲ್ಲ. ಮೈಸೂರು ಕಾಗದ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಯ ತಂಡಕ್ಕೆ ‘ಪೇಪರ್ ಟೌನ್ ಟೈಗರ್ಸ್’ ಎಂಬ ಹೆಸರು ತಾನಾಗಿ ಒದಗುತ್ತದೆ. ಆದರೆ ಅದು ಉದ್ದವಾಯಿತು. ಮೈಕಿನವನು ಎರಡನೇ ಓವರಿಗೇ ಅದನ್ನು ತುಂಡರಿಸುತ್ತಾನೆ, ಉಳಿಯುವುದು ಬರೀ ‘ಟೈಗರ್ಸ್’. ಅಲ್ಲಿಗೆ ಹುಬ್ಬಳ್ಳಿಯ ಪಾಲು. ‘ಪೇಪರ್ ಹುಲಿ’ ಎಂದರೆ ನಾಲ್ಕೇ ಉಚ್ಚಾರಾಂಶ, ಕತ್ತರಿಸಲು ಏನೂ ಉಳಿದಿಲ್ಲ. ಸ್ಕೋರ್ ಪುಸ್ತಕದ ಸಣ್ಣ ಕಾಲಮ್ಮಿನಲ್ಲೂ ಪೂರ್ತಿ ಕೂರುತ್ತದೆ. ‘ಪೇಪರ್ ಮೇಲೆ ಬಲಿಷ್ಠ ತಂಡ’ ಎಂಬ ಕ್ರಿಕೆಟಿನ ಹಳೆಯ ಚುಚ್ಚುಮಾತನ್ನು ಮೊದಲೇ ನುಂಗಿರುವುದರಿಂದ, ಸೋತರೆ ಗೇಲಿ ಮಾಡುವವರಿಗೆ ಹೊಸ ಸರಕಿಲ್ಲ. ಗೆದ್ದರೆ ಸೋತವರೇ ಕಾಗದದ ಹುಲಿಯಿಂದ ಕಚ್ಚಿಸಿಕೊಂಡವರಾಗುತ್ತಾರೆ.

ಇಂಥ ಹೆಸರು ತಂಡದ ಗಾಂಭೀರ್ಯ ಕೆಡಿಸುತ್ತದೆ ಎನ್ನುವ ವಿಮರ್ಶಕರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ತೊಡಕು ಇರುವುದು ಕಾರ್ಖಾನೆಯಲ್ಲಿ. ಅಲ್ಲಿ ಕಾಗದದ ಉತ್ಪಾದನೆ ನಿಂತಿದೆ. ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಹುಡುಗರು ಈ ಹೆಸರಿಟ್ಟುಕೊಂಡರೆ ನಗು ತಮ್ಮ ಮೇಲೆಯೇ. ಅದೇ ಹೆಸರನ್ನು ಆಚೆಯ ಬಡಾವಣೆಯವರು ಅವರಿಗೆ ಕಟ್ಟಿದರೆ, ಮಿಲ್ಲಿನ ಸೈರನ್ ಕೇಳಿ ದಿನ ಎಣಿಸಿದ ಅಪ್ಪಂದಿರನ್ನು ಹಂಗಿಸಿದಂತಾಗುತ್ತದೆ.