ಬಾಗಿಲಿನ ರಾಡು ಮತ್ತು ಅಂಗೈಯ ಮಿತಿ

ಸೈನ್ಯದ ಅಗ್ನಿವೀರ ಭರ್ತಿಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು ‘ಬೀಮ್’ ಎಂದು ಕರೆಯುವ ಪುಲ್‌ಅಪ್‌ಗೆ 40 ಅಂಕಗಳಿವೆ. ಹತ್ತು ಎಳೆದರೆ ನಲವತ್ತೂ ಸಿಗುತ್ತವೆ. ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16. ಕೊನೆಯ ನಾಲ್ಕು ಎಳೆತಗಳಲ್ಲೇ 24 ಅಂಕಗಳು ಕೂತಿವೆ. ಹೀಗಾಗಿ ದಾಂಡೇಲಿ, ಹಳಿಯಾಳ, ಮುಂಡಗೋಡದ ಕಡೆಯ ಎರಡು ಕೋಣೆಯ ಮನೆಯೊಂದರಲ್ಲಿ ಭರ್ತಿಗೆ ತಯಾರಾಗುವ ಹುಡುಗ ಬಾಗಿಲಿಗೆ ಸಿಕ್ಕಿಸುವ ಒಂದು ರಾಡನ್ನು ತರಿಸಿಕೊಂಡರೆ ಅದು ಸರಿಯಾದ ಯೋಚನೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಯಿಡಾದ ಮಳೆಯಲ್ಲಿ ಮೈದಾನದ ಕಂಬಿ ಹಿಡಿಯುವ ಹಾಗಿಲ್ಲ. ಮನೆಯ ಬಾಗಿಲಿಗೆ ಆ ತೊಂದರೆ ಇಲ್ಲ, ರಾಡು ನೆಲದ ಒಂದು ಅಡಿಯನ್ನೂ ತಿನ್ನುವುದಿಲ್ಲ. ನನ್ನ ತಕರಾರು ರಾಡಿನ ಮೇಲಲ್ಲ, ಅದರ ಜೊತೆಗೆ ಬಾಯಿಂದ ಬಾಯಿಗೆ ಬರುವ ಕ್ರಮದ ಮೇಲೆ: ಬಾಗಿಲು ದಾಟಿದಾಗಲೆಲ್ಲ ಎರಡು ಎಳೆ, ದಿನಾ ಎಳೆ, ಕೈಸೋಲುವ ತನಕ ಎಳೆ. ಬೆನ್ನಿನ ಮಾಂಸಖಂಡ ಎಷ್ಟು ತಡೆಯುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಕಟ್ಟಿದ ಕ್ರಮ ಇದು. ಮೊದಲು ಸೋಲುವುದು ಬೆನ್ನಲ್ಲ. ಅಂಗೈಯ ಚರ್ಮ, ಮೊಣಕೈಯ ಸ್ನಾಯುರಜ್ಜು, ಬಾಗಿಲಿನ ಚೌಕಟ್ಟು, ಈ ಮೂರೂ ಅದಕ್ಕಿಂತ ಮೊದಲೇ ಕೈಕೊಡುತ್ತವೆ.

ಈ ಕ್ರಮಕ್ಕೆ ಮೂಲದಲ್ಲಿ ಒಳ್ಳೆಯ ತರ್ಕವೇ ಇದೆ. ಸೋವಿಯತ್ ಮೂಲದ ತರಬೇತುದಾರ ಪಾವೆಲ್ ತ್ಸಾತ್ಸೂಲಿನ್ ಇದನ್ನು ಜನಪ್ರಿಯಗೊಳಿಸಿದವರು. ಅಮೆರಿಕದ ಮಾಜಿ ಸೈನಿಕರಾದ ತಮ್ಮ ಮಾವನಿಗೆ ಅವರು ಹೇಳಿದ್ದಿಷ್ಟು: ನೆಲಮಾಳಿಗೆಗೆ ಇಳಿಯುವಾಗಲೆಲ್ಲ ಸಲೀಸಾಗಿ ಬರುವ ಐದು ಎಳೆತ ಎಳೆಯಿರಿ. ತಿಂಗಳಿಗೊಮ್ಮೆ ಕೆಲವು ದಿನ ಬಿಟ್ಟು ತಮ್ಮನ್ನು ಪರೀಕ್ಷಿಸಿಕೊಳ್ಳುತ್ತಿದ್ದ ಆ ಹಿರಿಯರು ಒಂದೇ ಬಾರಿಗೆ ಇಪ್ಪತ್ತು ಎಳೆಯುವ ಮಟ್ಟಕ್ಕೆ ಬಂದರಂತೆ. ದಣಿವಿಲ್ಲದ ಆವರ್ತನೆಯಿಂದ ನರಗಳು ಒಂದು ಚಲನೆಯನ್ನು ಚೆನ್ನಾಗಿ ಕಲಿಯುತ್ತವೆ ಎಂಬುದು ಇದರ ಹಿಂದಿನ ತತ್ತ್ವ, ಅದು ನಿಜ ಕೂಡ. ಆದರೆ ಕಥೆ ದಾಟಿ ಬರುವಾಗ ಎರಡು ಮಾತು ಉದುರಿಹೋದವು. ಒಂದು, ‘ಸಲೀಸಾಗಿ’ ಎಂಬ ಮಾತು; ಇನ್ನೊಂದು, ‘ಕೆಲವು ದಿನ ಬಿಟ್ಟು’ ಎಂಬುದು. ಐದು ಎಳೆತ ಸಲೀಸಾಗಿದ್ದವನಿಗೆ ಅದು ಅಭ್ಯಾಸ. ಒಟ್ಟು ಎರಡೇ ಎಳೆಯಬಲ್ಲ ಹುಡುಗನಿಗೆ ‘ದಾಟಿದಾಗಲೆಲ್ಲ ಎರಡು’ ಎಂದರೆ ದಿನಕ್ಕೆ ಹತ್ತು ಸಲ ಪರೀಕ್ಷೆ ಬರೆದಂತೆ. ಸಣ್ಣ ಮನೆಯಲ್ಲಿ ಇದು ಇನ್ನೂ ಕೆಡುತ್ತದೆ, ಏಕೆಂದರೆ ಎರಡು ಕೋಣೆಯ ಮನೆಯಲ್ಲಿ ಅದೇ ಬಾಗಿಲನ್ನು ದಿನಕ್ಕೆ ಎಷ್ಟು ಸಲ ದಾಟುತ್ತೇವೋ ಲೆಕ್ಕವಿಲ್ಲ. ರಾಡು ಸದಾ ಕಣ್ಣ ಮುಂದಿರುವುದು ಅದರ ಗುಣ; ಮಿತಿ ಹಾಕದಿದ್ದರೆ ಅದೇ ಅದರ ದೋಷ.

ಚರ್ಮದಿಂದ ಶುರುಮಾಡೋಣ. ಬೆರಳುಗಳು ಅಂಗೈಗೆ ಕೂಡುವ ಸಾಲಿನಲ್ಲಿ ಜಡ್ಡು ಕಟ್ಟುವುದು ಸಹಜ, ಬೇಕಾದದ್ದು. ತೊಂದರೆ ಕೊಡುವುದು ಜಡ್ಡಲ್ಲ, ಜಡ್ಡಿನ ದಿಣ್ಣೆ. ರಾಡನ್ನು ಅಂಗೈ ನಡುವೆ ಹಿಡಿದು ಜೋತರೆ ತೂಕ ಬಿದ್ದೊಡನೆ ಅದು ಬೆರಳ ಬುಡದತ್ತ ಜಾರುತ್ತದೆ. ನಡುವೆ ಸಿಕ್ಕ ಚರ್ಮ ಮಡಿಚಿಕೊಳ್ಳುತ್ತದೆ. ಆ ಮಡಿಕೆ ದಪ್ಪವಿದ್ದರೆ ಒಂದು ದಿನ ಬುಡಸಮೇತ ಕಿತ್ತು ಬರುತ್ತದೆ. ಆದ್ದರಿಂದ ಮೊದಲೇ ಬೆರಳ ಬುಡದ ಸಾಲಿನಲ್ಲೇ ರಾಡನ್ನು ಕೂರಿಸಿ, ಆಮೇಲೆ ಬೆರಳು ಮಡಿಚಬೇಕು. ವಾರಕ್ಕೊಮ್ಮೆ ಸ್ನಾನದ ನಂತರ ಚರ್ಮ ಮೆದುವಾಗಿರುವಾಗ ಕಾಲುಜ್ಜುವ ಕಲ್ಲಿನಿಂದ ಜಡ್ಡನ್ನು ಸುತ್ತಲ ಚರ್ಮದ ಮಟ್ಟಕ್ಕೆ ತಂದರೆ ಸಾಕು, ಪೂರ್ತಿ ತೆಗೆಯಬಾರದು. ಕೊಬ್ಬರಿ ಎಣ್ಣೆ ರಾತ್ರಿ ಮಲಗುವಾಗ ಸರಿ, ಎಳೆಯುವ ಮೊದಲು ಬೇಡ. ಬೆವರಿಗೆಂದು ಮುಖದ ಪೌಡರ್ ಹಚ್ಚುವವರಿದ್ದಾರೆ. ಟಾಲ್ಕ್ ಜಾರಿಕೆ ಹೆಚ್ಚಿಸುವ ವಸ್ತು, ಹಿಡಿತಕ್ಕೆ ಬೇಕಾದದ್ದು ಜಿಮ್ನಾಸ್ಟರು ಬಳಸುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಅದಿಲ್ಲದಿದ್ದರೆ ಒಣ ಬಟ್ಟೆಯಲ್ಲಿ ಕೈ ಮತ್ತು ರಾಡು ಎರಡನ್ನೂ ಒರೆಸಿಕೊಂಡರಾಯಿತು. ರಾಡಿನ ಜೊತೆ ಬರುವ ಫೋಮ್ ತೋಳು ಮೆತ್ತಗಿರುವುದರಿಂದ ಒಳ್ಳೆಯದೆನಿಸುತ್ತದೆ, ಆದರೆ ಅದು ರಾಡಿನ ಮೇಲೆ ತಿರುಗಿ ಚರ್ಮವನ್ನು ತನ್ನೊಡನೆ ಎಳೆಯುತ್ತದೆ. ಅದನ್ನು ತೆಗೆದು ಹತ್ತಿಯ ಟೇಪ್ ಬಿಗಿಯಾಗಿ ಸುತ್ತುವುದು ಮೇಲು. ಚರ್ಮ ಕಿತ್ತೇ ಹೋದರೆ ತೊಳೆದು, ಮುಚ್ಚಿ, ಹೊಸ ಚರ್ಮ ಬರುವವರೆಗೆ ಜೋತಾಡಬಾರದು. ಅಲ್ಲಿಗೆ ಸುಮಾರು ಒಂದು ವಾರ ಹೋಯಿತು. ದಿನಾ ಎಳೆದು ಉಳಿಸಿದೆನೆಂದುಕೊಂಡ ದಿನಗಳೆಲ್ಲ ಹೀಗೆ ವಾಪಸ್ಸಾಗುತ್ತವೆ.

ಮೊಣಕೈಯ ಕಥೆ ಇದಕ್ಕಿಂತ ಕಠಿಣ, ಏಕೆಂದರೆ ಅದು ತಡವಾಗಿ ತಿಳಿಯುತ್ತದೆ. ರಕ್ತ ಸಂಚಾರ ಕಡಿಮೆಯಿರುವ ಸ್ನಾಯುರಜ್ಜು ಮಾಂಸಖಂಡಕ್ಕಿಂತ ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ತಿಂಗಳಲ್ಲಿ ಬೆನ್ನಿಗೆ ಬಲ ಬಂದು ಎಳೆತ ಹೆಚ್ಚಾಗುವಾಗ ಮೊಣಕೈಯ ಒಳಬದಿಯ ಮೂಳೆಗೆ ಅಂಟಿಕೊಂಡ ರಜ್ಜು ಇನ್ನೂ ಹಳೆಯ ಮಟ್ಟದಲ್ಲೇ ಇರುತ್ತದೆ. ಗುರುತು ಮನೆಗೆಲಸದಲ್ಲೇ ಸಿಗುತ್ತದೆ: ಒದ್ದೆ ಬಟ್ಟೆ ಹಿಂಡುವಾಗ ಅಥವಾ ತುಂಬಿದ ಕೊಡ ಎತ್ತುವಾಗ ಆ ಒಳಮೂಳೆಯ ಹತ್ತಿರ ಚುಚ್ಚಿದರೆ, ಮರುದಿನ ಬೆಳಿಗ್ಗೆಯೂ ಅದು ಇದ್ದರೆ, ಆ ವಾರದ ಎಳೆತ ಅರ್ಧಕ್ಕಿಳಿಯಬೇಕು. ಇಳಿಸಿದರೂ ಹೋಗದಿದ್ದರೆ ಪೂರ್ತಿ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕಟ್ಟಿಗೆ ಡಿಪೋದಲ್ಲಿ ದಿನವಿಡೀ ದಿಮ್ಮಿ ಹೊರಳಿಸುವವರ, ಗದ್ದೆಯಲ್ಲಿ ಗುದ್ದಲಿ ಹಿಡಿಯುವವರ ಮುಂಗೈ ಸಂಜೆಯ ಹೊತ್ತಿಗೆ ಆಗಲೇ ದುಡಿದಿರುತ್ತದೆ. ಪುಸ್ತಕದ ಕ್ರಮಗಳಲ್ಲಿ ಈ ದುಡಿಮೆಗೆ ಜಾಗವೇ ಇಲ್ಲ. ಅಂಥವರಿಗೆ ವಾರಕ್ಕೆ ಎರಡು ದಿನ ಸಾಕು, ಉಳಿದವರಿಗೆ ನಡುವೆ ಒಂದು ದಿನ ಬಿಟ್ಟು ಮೂರು.

ಇನ್ನು ಬಾಗಿಲು. ಮಾರುಕಟ್ಟೆಯಲ್ಲಿ ಮೂರು ಬಗೆ ಸಿಗುತ್ತವೆ. ಚೌಕಟ್ಟಿನ ಮೇಲಂಚಿಗೆ ಕೊಕ್ಕೆಯಂತೆ ಕೂರುವ ರಾಡು ಗೋಡೆಯಿಂದ ಹೊರಚಾಚಿದ ಪಟ್ಟಿಯಿರುವ ತೆಳುಗೋಡೆಯ ಮನೆಗಳಿಗಾಗಿ ಮಾಡಿದ್ದು. ನಮ್ಮ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೂ ಅದಕ್ಕಿಂತ ದಪ್ಪದ ಜಂಬಿಟ್ಟಿಗೆ ಗೋಡೆಗೂ ಅದು ಹೊಂದುವುದು ಅಪರೂಪ. ಎರಡನೆಯದು ತಿರುವಿ ಬಿಗಿ ಮಾಡುವ ರಾಡು. ಇದನ್ನು ಹಿಡಿದಿರುವುದು ರಬ್ಬರಿನ ತಿಕ್ಕಾಟ ಮಾತ್ರ. 60 ಕಿಲೋ ತೂಕದವನು ಸ್ವಲ್ಪ ಜಗ್ಗಿ ಎಳೆದರೂ ಭಾರ 90 ಕಿಲೋ ಮುಟ್ಟಬಹುದು. ಎಣ್ಣೆ ಬಣ್ಣ ಬಳಿದ ನುಣುಪು ಚೌಕಟ್ಟಿನ ಮೇಲೆ, ಮಳೆಗಾಲದ ತೇವದಲ್ಲಿ ಆ ತಿಕ್ಕಾಟ ಕುಗ್ಗುತ್ತದೆ. ಮಳೆಯಲ್ಲಿ ಉಬ್ಬಿದ ಮರ ಮಾರ್ಚ್ ಹೊತ್ತಿಗೆ ಕುಗ್ಗುವುದರಿಂದ ಜುಲೈನಲ್ಲಿ ಬಿಗಿಯಾಗಿದ್ದ ರಾಡು ಬೇಸಿಗೆಯಲ್ಲಿ ಸಡಿಲವಾಗಿರುತ್ತದೆ. ಕೈಯ ತಿರುಚುವಿಕೆಯಿಂದಲೇ ಬಿಚ್ಚಿಕೊಳ್ಳುವ ಮಾದರಿಗಳೂ ಇವೆ. ಮೂರನೆಯದು, ಚೌಕಟ್ಟಿಗೆ ಸ್ಕ್ರೂ ಹಾಕಿದ ಬಟ್ಟಲುಗಳಲ್ಲಿ ಕೂರುವ ರಾಡು. ಸಾಗವಾನಿಯೋ ಮತ್ತಿಯೋ ಚೌಕಟ್ಟಾಗಿರುವ ಈ ಸೀಮೆಯ ಮನೆಗಳಿಗೆ ನಾನು ಶಿಫಾರಸು ಮಾಡುವುದು ಇದೊಂದನ್ನೇ. ಬಡಿಗನಿಗೆ ಅರ್ಧ ಗಂಟೆಯ ಕೆಲಸ. ಗೆದ್ದಲು ಹಿಡಿದ ಚೌಕಟ್ಟಾದರೆ ಯಾವುದೂ ಬೇಡ. ಸ್ಕ್ರೂ ಡ್ರೈವರಿನ ತುದಿ ಒತ್ತಿದರೆ ಒಳಗಿಳಿಯುತ್ತದೆಯೋ ನೋಡಿ ತಿಳಿಯಬಹುದು. ಯಾವ ರಾಡಾದರೂ ತುದಿಯ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟು, ಪ್ರತಿ ಸಲ ಇಳಿದ ಮೇಲೆ ನೋಡಬೇಕು. ಗೆರೆ ಮುಚ್ಚಿದ್ದರೆ ಅದು ಜಾರಿದೆ. ಜಾಗದ ಆಯ್ಕೆಯೂ ಮುಖ್ಯ: ಗದ್ದದಿಂದ ನೆತ್ತಿಗೆ ಸುಮಾರು ಒಂಬತ್ತು ಇಂಚು ಇರುವುದರಿಂದ ರಾಡು ಮೇಲಿನ ಪಟ್ಟಿಗಿಂತ ಒಂದು ಅಡಿಯಾದರೂ ಕೆಳಗಿರಬೇಕು, ಇಲ್ಲವಾದರೆ ತಲೆ ತಾಗುತ್ತದೆ. ಬಚ್ಚಲ ಬಾಗಿಲು ಕಿರಿದು ಮತ್ತು ಒದ್ದೆ. ತಲೆಬಾಗಿಲಿಗೆ ತೋರಣ, ಹೊಸ್ತಿಲಿಗೆ ಪೂಜೆ ಇರುವ ಮನೆಯಲ್ಲಿ ಅಲ್ಲಿ ಜೋತಾಡಿದರೆ ಹಿರಿಯರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನಡುಮನೆಯ ಒಳಬಾಗಿಲೇ ಸರಿ.

ಹಾಗಾದರೆ ಕ್ರಮ ಹೇಗಿರಬೇಕು? 60 ಕಿಲೋ ತೂಕದ, ಒಂದು ಎಳೆತವೂ ಪೂರ್ಣವಾಗಿ ಬಾರದ, ಮುಂಡಗೋಡ ಕಡೆಯ ಇಂದೂರಿನ ಹುಡುಗನೊಬ್ಬನನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಮೊದಲ ತಿಂಗಳು ಸೋಮವಾರ ಮತ್ತು ಗುರುವಾರ ಮಾತ್ರ. ಇಪ್ಪತ್ತು ಸೆಕೆಂಡಿನಂತೆ ಮೂರು ಸಲ ಸುಮ್ಮನೆ ಜೋತಾಡುವುದು. ಆಮೇಲೆ ಸ್ಟೂಲಿನ ಮೇಲೆ ಒಂದು ಕಾಲೂರಿ, ಕಾಲಿನಿಂದ ಬೇಕಾದಷ್ಟೇ ನೆರವು ಪಡೆದು ಐದೈದರಂತೆ ಮೂರು ಸುತ್ತು. ಕೊನೆಗೆ ಸ್ಟೂಲಿನಿಂದ ಗದ್ದ ಮೇಲೇರಿಸಿಕೊಂಡು ಐದು ಸೆಕೆಂಡಿನಲ್ಲಿ ನಿಧಾನ ಇಳಿಯುವುದು, ಮೂರು ಸಲ. ಈ ಇಳಿಯುವಿಕೆ ಸುಲಭವೆನಿಸಿ ಹೊಸಬರು ಇಪ್ಪತ್ತು ಮೂವತ್ತು ಮಾಡಿಬಿಡುತ್ತಾರೆ. ಮಾಂಸಖಂಡ ಹರಿಯುವುದು ಇಳಿಯುವಾಗಲೇ ಹೆಚ್ಚು. ತೋಳು ಊದಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಆಸ್ಪತ್ರೆಗೆ ಓಡಬೇಕಾದ ಲಕ್ಷಣ. ಹೀಗಾಗಿ ಇಳಿತ ಆರನ್ನು ಮೀರಬಾರದು. ಎಂಟು ಸೆಕೆಂಡಿನ ಇಳಿತ ಐದು ಸಲ ಹಿಡಿತದಲ್ಲಿ ಬಂದಾಗ ಮೊದಲ ಎಳೆತ ಸಾಮಾನ್ಯವಾಗಿ ಕೈಗೂಡುತ್ತದೆ. ಅಲ್ಲಿಂದ ವಾರಕ್ಕೆ ಮೂರು ದಿನ: ಎರಡೆರಡು ನಿಮಿಷ ಬಿಟ್ಟು ಒಂದೊಂದೇ ಎಳೆತ. ಮೊದಲು ನಾಲ್ಕು, ವಾರಕ್ಕೊಂದು ಸೇರಿಸುತ್ತ ಹತ್ತು. ಹತ್ತೂ ಸ್ವಚ್ಛವಾಗಿ ಬಂದ ಮೇಲೆ ಎರಡೆರಡರಂತೆ ಐದು ಸುತ್ತು, ನಂತರ ಒಂದು-ಎರಡು-ಮೂರರ ಏಣಿ ಮೂರು ಸಲ. ಒಟ್ಟು ದಿನಕ್ಕೆ ಮೂವತ್ತು ದಾಟದಿರಲಿ. ಇನ್ನೊಂದು ಬರುತ್ತದೆ ಎನ್ನುವಾಗಲೇ ಪ್ರತಿ ಸುತ್ತು ನಿಲ್ಲಲಿ. ಗರಿಷ್ಠ ಎಷ್ಟೆಂದು ನೋಡುವುದು ಮೂರು ವಾರಕ್ಕೊಮ್ಮೆ ಸಾಕು. ಸೊನ್ನೆಯಿಂದ ಹತ್ತಕ್ಕೆ ಆರು ತಿಂಗಳಾದರೂ ಇಟ್ಟುಕೊಳ್ಳಬೇಕು, ಕೆಲವರಿಗೆ ಇನ್ನೂ ಹೆಚ್ಚು.

ಹಳಿಯಾಳದಂಥ ಕುಸ್ತಿಯ ಊರಿನವರು ಇದಕ್ಕೆ ಒಂದು ನ್ಯಾಯವಾದ ಪ್ರಶ್ನೆ ಕೇಳಬಹುದು: ಗರಡಿಯಲ್ಲಿ ದಿನಾ ನೂರಾರು ದಂಡ ಹೊಡೆಯುತ್ತಾರಲ್ಲ, ಇಲ್ಲೇಕೆ ಇಷ್ಟು ಬಿಗಿ? ದಂಡ ಹೊಡೆಯುವಾಗ ಮೈಭಾರವನ್ನು ಕಾಲೂ ಹೊರುತ್ತದೆ, ಅಂಗೈ ನೆಲಕ್ಕೆ ಒತ್ತಿಕೊಂಡು ನಿಶ್ಚಲವಾಗಿರುತ್ತದೆ, ಮುಂಗೈಗೆ ಹಿಡಿಯುವ ಕೆಲಸವೇ ಇಲ್ಲ. ಪುಲ್‌ಅಪ್‌ನಲ್ಲಿ ಇಡೀ ದೇಹ ಬೆರಳ ಬುಡದ ಎರಡಿಂಚು ಚರ್ಮಕ್ಕೆ ಜೋತಿರುತ್ತದೆ. ಮೇಲಾಗಿ ಪೈಲ್ವಾನರ ಊಟ, ಮಾಲೀಸು, ವಿಶ್ರಾಂತಿ ಎಲ್ಲವೂ ಆ ಸಾಮಿನ ಸುತ್ತಲೇ ಕಟ್ಟಿರುತ್ತವೆ. ಅಮೆರಿಕದ ಮರೀನ್ ಪಡೆಯವರ ವಾರಕ್ಕೆ ಐದು ದಿನದ ಪ್ರಸಿದ್ಧ ಆರ್ಮ್‌ಸ್ಟ್ರಾಂಗ್ ಕ್ರಮವನ್ನು ಮುಂದಿಡುವವರಿಗೂ ಇದೇ ಉತ್ತರ: ಆಗಲೇ ಹಲವು ಎಳೆಯಬಲ್ಲ, ಕೈ ಪಳಗಿದ ಸೈನಿಕರಿಗೆ ಅದು ನಡೆಯುತ್ತದೆ. ಎಂಟು ದಾಟಿದ ಮೇಲೆ, ಮೊಣಕೈ ಶಾಂತವಾಗಿದ್ದರೆ, ನಮ್ಮ ಹುಡುಗನೂ ಮಧ್ಯದ ಒಂದು ದಿನ ಎರಡು ಮೂರು ಹಗುರ ಸುತ್ತು ಸೇರಿಸಬಹುದು. ಅದಕ್ಕೆ ನನ್ನ ವಿರೋಧವಿಲ್ಲ.

ಬಾಗಿಲಿನ ರಾಡಿಗೆ ಇನ್ನೊಂದು ಕೊರತೆ ಇದೆ, ಅದನ್ನು ಯಾವ ಕ್ರಮವೂ ನೀಗುವುದಿಲ್ಲ. ಆರಡಿ ಎತ್ತರದ ರಾಡಿಗೆ ಐದೂವರೆ ಅಡಿಯವನು ಮಂಡಿ ಮಡಿಚದೆ ಜೋತಾಡಲಾರ. ಭರ್ತಿಯ ಬೀಮ್ ಎತ್ತರದ್ದು, ಕಬ್ಬಿಣದ್ದು, ಅಲ್ಲಿ ಕಾಲು ನೇರ ಇಳಿಬಿಟ್ಟು, ಒದೆಯದೆ, ತೋಳು ಪೂರ್ತಿ ಚಾಚಿದಲ್ಲಿಂದ ಎಳೆಯಬೇಕು. ಮಂಡಿ ಮಡಿಚಿ ಎಂಟು ಎಳೆದವನು ಅಲ್ಲಿ ಆರಕ್ಕೇ ನಿಲ್ಲಬಹುದು. ಆದ್ದರಿಂದ ಮೂರು ವಾರಕ್ಕೊಮ್ಮೆ ಮಾಡುವ ಪರೀಕ್ಷೆಯನ್ನು ಮನೆಯ ಬಾಗಿಲಲ್ಲಿ ಮಾಡಬೇಡಿ; ಶಾಲೆಯ ಮೈದಾನದ ಎತ್ತರದ ಕಂಬಿಯಲ್ಲಿ ಮಾಡಿ, ಅಲ್ಲಿ ಬಂದ ಸಂಖ್ಯೆಯನ್ನೇ ನಿಮ್ಮದೆಂದು ಬರೆದಿಟ್ಟುಕೊಳ್ಳಿ.